ಕೆಲಸ ಹೋದ ಮಗ ಮನೆಯಲ್ಲಿದ್ದಾನಾ? ಮೊದಲು ಕೈಖರ್ಚಿನ ಲೆಕ್ಕ ಮುಗಿಸಿ

ಡೊಂಬಿವಲಿ, ಠಾಣೆ ಕಡೆಯ ಒಂದು ಬೆಡ್‌ರೂಮಿನ ಮನೆ. ರಿಟೈರ್ ಆದ ಅಪ್ಪ, ಅಮ್ಮ, ಕೆಲಸ ಹೋದ ಇಪ್ಪತ್ತೇಳರ ಮಗ. ಇಂಥ ಮನೆಗಳಲ್ಲಿ ಜಗಳ ದೊಡ್ಡ ವಿಷಯಕ್ಕೆ ಶುರುವಾಗುವುದು ಕಡಿಮೆ. ಇನ್ನೂರು ರೂಪಾಯಿಗೆ ಶುರುವಾಗುತ್ತದೆ. ಮಗ ಕೇಳುತ್ತಾನೆ, ಅಪ್ಪ ಕೊಡುತ್ತಾರೆ, ಆದರೆ ಕೊಡುವಾಗ "ಯಾಕೆ, ಮೊನ್ನೆ ಕೊಟ್ಟಿದ್ದು ಏನಾಯ್ತು?" ಅಂತ ಒಂದು ಮಾತು ಸೇರಿಸುತ್ತಾರೆ. ತಿಂಗಳಲ್ಲಿ ಹತ್ತು ಸಲ ಕೇಳಿದರೆ ಹತ್ತು ಸಲ ಆ ಮಾತು. ಮಗನಿಗೆ ಭಿಕ್ಷೆ ಬೇಡಿದ ಹಾಗೆ, ಅಪ್ಪನಿಗೆ ಜೇಬು ಸೋರಿದ ಹಾಗೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಈ ಕೇಳುವ-ಕೊಡುವ ಸಂದರ್ಭವನ್ನೇ ಇಲ್ಲವಾಗಿಸುವುದು. ತಿಂಗಳಿಗೆ ಒಂದೇ ಮೊತ್ತ, ಒಂದೇ ತಾರೀಕು.

ಅದಕ್ಕೆ ಒಂದು ಸಲ ಮೂವರೂ ಕೂತು ಮಾತಾಡಬೇಕು. ಕೆಲಸ ಹೋದ ದಿನವೇ ಬೇಡ, ಒಂದು ವಾರ ಬಿಡಿ. ಯಾರೋ ರೇಗಿದ ರಾತ್ರಿಯೂ ಬೇಡ. ಭಾನುವಾರ ತಿಂಡಿ ಆದಮೇಲೆ ಕೂತರೆ ಸಾಕು, ಒಂದು ನೋಟ್‌ಬುಕ್ ಇರಲಿ. ಮಾತು ಮಗನ ಖರ್ಚಿನಿಂದ ಶುರುವಾದರೆ ಅದು ವಿಚಾರಣೆ ಆಗಿಬಿಡುತ್ತದೆ, ಅದಕ್ಕೇ ಮೊದಲು ಅಪ್ಪ ತಮ್ಮ ಲೆಕ್ಕವನ್ನು ತೆರೆದಿಡಲಿ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಅಪ್ಪನ ಪೆನ್ಷನ್ ಎಷ್ಟು ಅಂತಲೇ ಗೊತ್ತಿರುವುದಿಲ್ಲ.

ಲೆಕ್ಕ ಹೇಗೆ ಅನ್ನುವುದಕ್ಕೆ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಪೆನ್ಷನ್ 38,000 ರೂಪಾಯಿ. ಕಿರಾಣಿ, ಭಾಜಿ, ಹಾಲು, ಸೊಸೈಟಿ ಮೇಂಟೆನೆನ್ಸ್, ಕರೆಂಟು, ಗ್ಯಾಸ್ ಎಲ್ಲ ಸೇರಿ 24,000. ಇಬ್ಬರ ಔಷಧಿಗೆ 4,000. ಉಳಿಯುವುದು 10,000. ಇದರಲ್ಲಿ ಅರ್ಧ ಮಗನಿಗೆ, ಅರ್ಧ ಅಪ್ಪ-ಅಮ್ಮನ ಕೈಯಲ್ಲೇ. ಅಂದರೆ 5,000. ಇದು ಮಗನ ಆಸೆಯಿಂದ ಬಂದ ಸಂಖ್ಯೆಯಲ್ಲ, ಮನೆಯ ಉಳಿಕೆಯಿಂದ ಬಂದದ್ದು. ಕೊಡಲು ಎಫ್‌ಡಿ ಮುರಿಯಬೇಕಾಗಿ ಬಂದರೆ ಆ ಮೊತ್ತ ಜಾಸ್ತಿಯಾಯಿತು ಎಂದೇ ಅರ್ಥ. ಇವತ್ತು ಪ್ರೀತಿಯಿಂದ ಎಫ್‌ಡಿ ಮುರಿದವರು ಆರು ತಿಂಗಳ ನಂತರ ಅದನ್ನು ಎತ್ತಿ ಆಡದೆ ಇರುವುದು ಕಷ್ಟ.

ಈಗ ಮಗನ ಕಡೆ. ಫೋನ್ ರೀಚಾರ್ಜ್, ಇಂಟರ್‌ವ್ಯೂಗೆ ಓಡಾಟ, ಕಟಿಂಗ್, ಸ್ನೇಹಿತರ ಜೊತೆ ಚಹಾ. ಐದು ಸಾವಿರದಲ್ಲಿ ಇವಿಷ್ಟು ಅವನೇ ನೋಡಿಕೊಳ್ಳಬೇಕು. ಊಟ, ಮನೆ, ವೈಫೈ ಲೆಕ್ಕಕ್ಕೆ ಬರುವುದಿಲ್ಲ. ಬೈಕಿನ ಕಂತು 4,200, ಇನ್ನೂ 12 ಉಳಿದಿವೆ ಅಂದುಕೊಳ್ಳಿ, ಅಂದರೆ 50,400. ಅವನ ಹತ್ತಿರ 1,20,000 ಉಳಿತಾಯ ಇದ್ದರೆ ಕಂತು ಅಲ್ಲಿಂದಲೇ ಹೋಗಲಿ, ಅಪ್ಪನ ಪೆನ್ಷನ್‌ನಿಂದ ಬೇಡ. ಕಂತು ಕಟ್ಟಿದ ಮೇಲೂ ಅವನಲ್ಲಿ 69,600 ಇರುತ್ತದೆ. ತನ್ನ ಸಾಲ ತಾನೇ ಕಟ್ಟುತ್ತಿದ್ದೇನೆ ಅನ್ನುವ ನೆಮ್ಮದಿ ಅವನಿಗೆ ಈಗ ತುಂಬಾ ಬೇಕು.

ಅದೇ ದಿನ ಇನ್ನೆರಡು ಕೇಳಲೇಬೇಕು. ಒಂದು, ಕ್ರೆಡಿಟ್ ಕಾರ್ಡ್ ಬಾಕಿ ಅಥವಾ ಲೋನ್ ಆ್ಯಪ್ ಸಾಲ ಇದೆಯಾ ಅಂತ. ಬೈಯುವುದಿಲ್ಲ ಎಂದು ಮೊದಲೇ ಹೇಳಿ, ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ಮುಚ್ಚಿಟ್ಟ ಸಾಲ ಬಡ್ಡಿ ಬೆಳೆಸಿಕೊಂಡು ಕೊನೆಗೆ ಮನೆಗೇ ಬರುತ್ತದೆ. ಇನ್ನೊಂದು, ಆಸ್ಪತ್ರೆ ವಿಮೆ. ಕಂಪನಿ ಕೊಡುವ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ, ಅದರಲ್ಲಿ ಅಪ್ಪ-ಅಮ್ಮನ ಹೆಸರೂ ಇದ್ದರೆ ಮೂವರಿಗೂ ರಕ್ಷಣೆ ಹೋದಂತೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದಾ ಎಂದು ಮಗ ಕೆಲಸದ ಕೊನೆಯ ದಿನದೊಳಗೇ ವಿಚಾರಿಸಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಇನ್ನು ತಡಮಾಡದೆ ವಿಚಾರಿಸಲಿ.

ಮೊತ್ತ ಗಟ್ಟಿಯಾದ ಮೇಲೆ ಅದನ್ನು ಒಂದನೇ ತಾರೀಕು ಅವನ ಖಾತೆಗೆ ಹಾಕಿ, ಆಮೇಲೆ ಅದರ ಬಗ್ಗೆ ಕೇಳಬೇಡಿ. ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಅವನು ಹೋಟೆಲಿನಲ್ಲಿ ಮುನ್ನೂರು ರೂಪಾಯಿ ಖರ್ಚು ಮಾಡಿದ್ದು ಕಣ್ಣಿಗೆ ಬಿದ್ದರೂ ಸುಮ್ನೆ ಇರಬೇಕು. ಇಪ್ಪತ್ತನೇ ತಾರೀಕಿಗೇ ಖಾಲಿ ಮಾಡಿಕೊಂಡರೆ ಉಳಿದ ಹತ್ತು ದಿನ ಅವನದೇ. ಅಮ್ಮ ಅಡುಗೆಮನೆ ಡಬ್ಬಿಯಿಂದ ಗುಟ್ಟಾಗಿ ಐನೂರು ಕೊಟ್ಟರೆ ಇಡೀ ಏರ್ಪಾಟು ಕುಸಿಯುತ್ತದೆ, ಯಾಕೆಂದರೆ ಆಗ ಮನೆಯಲ್ಲಿ ಎರಡು ಲೆಕ್ಕ, ಎರಡು ಪಕ್ಷ. ಅಮ್ಮಂದಿರಿಗೆ ಇದು ಸಂಕಟವೇ. ಆದರೆ ಜಾಸ್ತಿ ಬೇಕು ಅನ್ನಿಸಿದರೆ ಮೂವರೂ ಕೂತು ಮೊತ್ತವನ್ನೇ ಏರಿಸಿ, ಕದ್ದು ಕೊಡಬೇಡಿ.

ಮನೆಗೆಲಸದ ವಿಷಯದಲ್ಲಿ "ಮನೇಲೇ ಇದ್ದೀಯಲ್ಲ, ಸ್ವಲ್ಪ ಇದು ಮಾಡು" ಅನ್ನುವ ಬಿಡಿ ಆಜ್ಞೆಗಳು ಐದು ಸಾವಿರಕ್ಕಿಂತ ದುಬಾರಿ. ಅವನು ಫೋನ್ ಇಂಟರ್‌ವ್ಯೂಗೆ ಕೂತಾಗಲೇ ಗ್ಯಾಸ್ ಸಿಲಿಂಡರ್ ಬರುತ್ತದೆ, ಬಾಗಿಲು ತೆಗೆಯಲಿಲ್ಲವೆಂದು ಕೂಗಾಟ. ಬದಲಿಗೆ ಎರಡೇ ಕೆಲಸ ಪೂರ್ತಿ ಅವನಿಗೆ ಬಿಡಿ: ವಾರದ ಭಾಜಿ-ಕಿರಾಣಿ ತರುವುದು, ರಾತ್ರಿ ಪಾತ್ರೆ ತೊಳೆಯುವುದು, ಹೀಗೆ. ಹೇಗೆ, ಯಾವಾಗ ಎನ್ನುವುದು ಅವನಿಗೆ ಬಿಟ್ಟದ್ದು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅವನನ್ನು ಯಾವುದಕ್ಕೂ ಕರೆಯಬಾರದು, ಅದು ಅರ್ಜಿ ಹಾಕುವ ಹೊತ್ತು. ಒಂದೇ ಕೋಣೆಯ ಮನೆಯಾದರೆ ಆ ಮೂರು ಗಂಟೆ ಟಿವಿಯೂ ಬಂದ್.

ಕೆಲಸ ಕಳೆದುಕೊಂಡವಳು ಮಗಳಾಗಿದ್ದರೆ ಇಲ್ಲಿ ಇನ್ನೂ ಎಚ್ಚರ ಬೇಕು. ಮಗನಿಗೆ ಎರಡು ಕೆಲಸ ಬಿಟ್ಟ ಮನೆಯಲ್ಲೇ ಮಗಳಿಗೆ ಮಾತ್ರ ಇಡೀ ಅಡುಗೆಮನೆ ಬರುತ್ತದೆ, ಮೇಲೆ "ಹೇಗೂ ಖಾಲಿ ಇದ್ದಾಳೆ, ಜಾತಕ ತೋರಿಸೋಣ" ಅಂತ ಮಾತು. ಕೆಲಸದ ಮಾತು ಬೇರೆ, ಮದುವೆಯ ಮಾತು ಬೇರೆ. ಎರಡನ್ನೂ ಒಂದೇ ದಿನ ಎತ್ತಬೇಡಿ.

"ಏನಾಯ್ತು ಕೆಲಸದ್ದು?" ಅನ್ನುವುದನ್ನು ವಾರಕ್ಕೆ ಒಂದು ಸಲ ಇಟ್ಟುಕೊಳ್ಳಿ. ಭಾನುವಾರ ಅರ್ಧ ಗಂಟೆ ಸಾಕು. ಫಲಿತಾಂಶ ಅವನ ಕೈಯಲ್ಲಿಲ್ಲ, ಪ್ರಯತ್ನ ಇದೆ. ಹಾಗಾಗಿ ಎಲ್ಲಿ ಅರ್ಜಿ ಹಾಕಿದೆ, ಯಾರನ್ನು ಭೇಟಿಯಾದೆ, ಮುಂದಿನ ವಾರ ಏನು, ಇಷ್ಟೇ ಕೇಳಿ. ಸಂಘದ ಕಾರ್ಯಕ್ರಮದಲ್ಲೋ ಊರಿನಿಂದ ಬಂದ ಫೋನಿನಲ್ಲೋ ಯಾರಾದರೂ ವಿಚಾರಿಸಿದರೆ ಏನು ಹೇಳಬೇಕೆಂದು ಅವನನ್ನೇ ಕೇಳಿಕೊಂಡಿರಿ. ಅವನು ಒಪ್ಪಿದ ಒಂದೇ ವಾಕ್ಯವನ್ನು ಮೂವರೂ ಹೇಳಿದರೆ ಅವನಿಗೆ ಹೊರಗೆ ಮುಖ ತೋರಿಸಲು ಸುಲಭ.

ಈ ಏರ್ಪಾಟಿಗೆ ಮೂರು ತಿಂಗಳ ಗಡುವು ಹಾಕಿ. ಗಡುವು ಅವನನ್ನು ಹೊರಗೆ ಹಾಕುವುದಕ್ಕಲ್ಲ, ಲೆಕ್ಕವನ್ನು ಮತ್ತೆ ನೋಡುವುದಕ್ಕೆ. ಆಗಲೂ ತನ್ನ ಕ್ಷೇತ್ರದಲ್ಲಿ ಕೆಲಸ ಸಿಗದಿದ್ದರೆ ಅರ್ಧ ದಿನದ ಕೆಲಸ, ಟ್ಯೂಷನ್, ಕಡಿಮೆ ಸಂಬಳದ ಕೆಲಸದ ಮಾತು ಎತ್ತಬಹುದು. ಮೊದಲ ತಿಂಗಳೇ ಎತ್ತಿದರೆ ಅದು ಸೋಲಿನಂತೆ ಕೇಳಿಸುತ್ತದೆ.

ಆದರೆ ಎರಡು ವಾರ ಅವನು ಸ್ನಾನ ಬಿಟ್ಟರೆ, ರಾತ್ರಿ ನಿದ್ದೆ ಇಲ್ಲದೆ ಹಗಲೆಲ್ಲ ಮಲಗಿದರೆ, ಸ್ನೇಹಿತರ ಫೋನೂ ಎತ್ತದಿದ್ದರೆ ಅದನ್ನು ಸೋಮಾರಿತನ ಅನ್ನಬೇಡಿ, ಗಡುವಿಗೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನವಿಡೀ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಅವನು ಮಾಡದಿದ್ದರೆ ನೀವೇ ಮಾಡಿ ಕೇಳಿ. ಸಾಯುವ ಮಾತು ಬಾಯಿಗೆ ಬಂದರೆ ಒಬ್ಬನೇ ಬಿಡದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೆಲಸ ಸಿಕ್ಕಿತು ಅಂತ ಮರುದಿನವೇ ಹಣ ನಿಲ್ಲಿಸಬೇಡಿ. ಸೇರಿದ ಮೇಲೆ ಮೊದಲ ಸಂಬಳ ಕೈಗೆ ಬರಲು ಒಂದು ತಿಂಗಳೋ, ಇನ್ನೂ ಜಾಸ್ತಿಯೋ ಹಿಡಿಯುತ್ತದೆ, ಅದೇ ಹೊತ್ತಿಗೆ ಲೋಕಲ್ ಪಾಸ್, ಒಳ್ಳೆಯ ಶೂ ಎಲ್ಲ ಬೇಕಾಗುತ್ತದೆ. ಆ ತಿಂಗಳೂ ಐದು ಸಾವಿರ ಹಾಕಿ. ಎರಡನೇ ಸಂಬಳದಿಂದ ಸೊಸೈಟಿ ಮೇಂಟೆನೆನ್ಸೋ ಕರೆಂಟು ಬಿಲ್ಲೋ, ಯಾವುದಾದರೂ ಒಂದನ್ನು ಅವನು ಕಟ್ಟಲಿ. ಯಾವುದು ಅನ್ನುವುದನ್ನು ಮೊದಲ ಭಾನುವಾರದ ನೋಟ್‌ಬುಕ್ಕಿನಲ್ಲೇ ಬರೆದಿಟ್ಟಿದ್ದರೆ ಆಗ ಮತ್ತೆ ಕೇಳುವ ಮುಜುಗರ ಇರುವುದಿಲ್ಲ.