ಪ್ರಾಜೆಕ್ಟ್‌ಗಳು ಮುಚ್ಚಿಹೋದಾಗ ಕವರ್ ಲೆಟರ್ ಬರೆಯುವ ಬಗೆ

ಒಂದೇ ಕಂಪನಿಯಲ್ಲಿದ್ದುಕೊಂಡು ಮೇಲಿಂದ ಮೇಲೆ ಪ್ರಾಜೆಕ್ಟ್ ಮುಚ್ಚುವುದನ್ನು ಕಂಡ ಡೆವಲಪರ್‌ಗಳು ಬೇರೆ ಕೆಲಸಕ್ಕೆ ಅರ್ಜಿ ಹಾಕುವಾಗ ಒಂದು ಇಕ್ಕಟ್ಟಿಗೆ ಸಿಲುಕುತ್ತಾರೆ. ರೆಸ್ಯೂಮೆಯಲ್ಲಿ ಎಂಟು ತಿಂಗಳು, ಹನ್ನೊಂದು ತಿಂಗಳು, ಆರು ತಿಂಗಳು ಎಂಬ ತುಂಡು ತುಂಡು ಅವಧಿಗಳು ಕಾಣುತ್ತವೆಯೇ ಹೊರತು ಅವು ಹಾಗೇಕೆ ಇವೆ ಎಂಬುದಕ್ಕೆ ಅಲ್ಲಿ ಜಾಗವಿರುವುದಿಲ್ಲ. ಆ ವಿವರಣೆಗೆ ಉಳಿಯುವುದು ಕವರ್ ಲೆಟರ್ ಒಂದೇ. ಡೆವಲಪರ್‌ಗಳ ಅರ್ಜಿಗಳನ್ನು ಓದುವ ಕೆಲಸದಲ್ಲಿರುವ ನನಗೆ, ಈ ಪತ್ರ ಹೆಚ್ಚಾಗಿ ಎಡವುವುದು ಎಲ್ಲಿ ಎಂಬುದು ಒಬ್ಬ ಪರಿಚಿತ ಯುವಕನ ಕರಡನ್ನು ತಿದ್ದುವಾಗ ಸ್ಪಷ್ಟವಾಯಿತು. ಅದನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಆತ ಬೆಂಗಳೂರಿನಲ್ಲಿ ಐದು ವರ್ಷಗಳಿಂದ ಜಾವಾದಲ್ಲಿ ಬ್ಯಾಕೆಂಡ್ ಕೆಲಸ ಮಾಡುತ್ತಿದ್ದ. ಕೊನೆಯ ಮೂವತ್ತು ತಿಂಗಳಲ್ಲಿ ಮೂರು ಪ್ರಾಜೆಕ್ಟ್‌ಗಳು ನಿಂತಿದ್ದವು, ನಡುವೆ ಐದು ತಿಂಗಳು ಯಾವ ಪ್ರಾಜೆಕ್ಟೂ ಇಲ್ಲದೆ ಬೆಂಚಿನ ಮೇಲೆ ಕಳೆದಿದ್ದವು. ಅವನ ಮೊದಲ ಕರಡಿನ ಮುಖ್ಯ ಭಾಗ ಹೀಗಿತ್ತು: ‘ಕಳೆದ ಮೂರು ಪ್ರಾಜೆಕ್ಟ್‌ಗಳು ಸರಿಯಾದ ಯೋಜನೆಯಿಲ್ಲದೆ ರದ್ದಾದವು. ಇದರಿಂದ ನನ್ನ ಬೆಳವಣಿಗೆ ಕುಂಠಿತವಾಯಿತು. ಆದ್ದರಿಂದ ಸ್ಥಿರತೆ ಇರುವ ಕಂಪನಿಯನ್ನು ಹುಡುಕುತ್ತಿದ್ದೇನೆ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿದ ಮ್ಯಾನೇಜರ್, ನಾಳೆ ನಮ್ಮ ಬಗ್ಗೆಯೂ ಈತ ಹೀಗೆಯೇ ಬರೆಯುತ್ತಾನೆ ಎಂದುಕೊಳ್ಳುತ್ತಾರೆ. ಇನ್ನು ಸ್ಥಿರತೆ ಎಂಬ ಮಾತು. ಮುಂದಿನ ವರ್ಷ ಬಜೆಟ್ ಕಡಿತವಾಗುವುದಿಲ್ಲ ಎಂದು ಯಾವ ಕಂಪನಿಯೂ ಮುಚ್ಚಳಿಕೆ ಬರೆದುಕೊಡಲಾರದು, ಕೊಡಲಾಗದ್ದನ್ನು ಅರ್ಜಿಯ ಮೊದಲ ಪುಟದಲ್ಲೇ ಕೇಳಿದಂತಾಗುತ್ತದೆ.

ಮೊದಲ ಹೆಜ್ಜೆಯಲ್ಲಿ ಪತ್ರವನ್ನು ಬರೆಯಲೇ ಬಾರದು. ಒಂದು ಹಾಳೆಯಲ್ಲಿ ಪ್ರತಿ ಪ್ರಾಜೆಕ್ಟಿನ ಎದುರು ಮೂರು ವಿಷಯ ಬರೆದುಕೊಳ್ಳಬೇಕು: ನಿಲ್ಲಿಸುವ ತೀರ್ಮಾನ ಯಾರದು, ಅಷ್ಟರೊಳಗೆ ನಾನು ಮುಗಿಸಿದ್ದೇನು, ನಿಂತ ಮೇಲೂ ಉಳಿದದ್ದೇನು. ಈ ಯುವಕನ ಮೊದಲ ಪ್ರಾಜೆಕ್ಟ್ ವಿಮಾ ಕ್ಲೇಮುಗಳ ಪೋರ್ಟಲ್. ಗ್ರಾಹಕ ಕಂಪನಿ ಇನ್ನೊಂದರಲ್ಲಿ ವಿಲೀನವಾದಾಗ ಆ ಕಡೆಯ ಸಾಫ್ಟ್‌ವೇರ್ ಉಳಿಯಿತು, ಇವರದು ಹೋಯಿತು. ಆದರೆ ಸುಮಾರು ಎರಡು ಲಕ್ಷ ಹಳೆಯ ಕ್ಲೇಮು ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿ, ಎರಡೂ ಕಡೆಯ ಮೊತ್ತಗಳನ್ನು ತಾಳೆ ನೋಡಿದವನು ಇವನೇ. ಅದನ್ನು ಅವನು ಕರಡಿನಲ್ಲಿ ಬರೆದೇ ಇರಲಿಲ್ಲ. ‘ಅದು ಮುಚ್ಚುವ ಕೆಲಸ ಅಲ್ವಾ ಸರ್, ಅದನ್ನೇನು ಹೇಳೋದು’ ಎಂದ. ಚಾಲ್ತಿಯಲ್ಲಿರುವ ವ್ಯವಸ್ಥೆಯೊಂದನ್ನು ಒಂದು ದಾಖಲೆಯೂ ಕಳೆಯದಂತೆ ಇಳಿಸುವುದು ಎಷ್ಟು ನಾಜೂಕಿನ ಕೆಲಸ ಎಂಬುದು, ಅದನ್ನು ಒಮ್ಮೆ ಮಾಡಿ ಕೈಸುಟ್ಟುಕೊಂಡ ಮ್ಯಾನೇಜರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದು ಗೋದಾಮಿನ ದಾಸ್ತಾನು ಲೆಕ್ಕದ ಪ್ರಾಜೆಕ್ಟ್. ಎರಡು ಗೋದಾಮುಗಳಲ್ಲಿ ನಾಲ್ಕು ತಿಂಗಳು ಪ್ರಾಯೋಗಿಕವಾಗಿ ನಡೆದು ನಿಂತಿತು. ಅಲ್ಲಿ ಒಂದು ಲಾಟನ್ನು ಸ್ಕ್ಯಾನ್ ಮಾಡಿದರೆ ಉತ್ತರ ಬರಲು ಆರು ಸೆಕೆಂಡು ಹಿಡಿಯುತ್ತಿತ್ತು. ಪ್ರತಿ ಪೆಟ್ಟಿಗೆಗೂ ಡೇಟಾಬೇಸನ್ನು ಬೇರೆಯಾಗಿ ಕೇಳುತ್ತಿದ್ದ ಕೋಡನ್ನು ಇವನು ಬದಲಿಸಿ, ಇಡೀ ಲಾಟಿಗೆ ಒಂದೇ ಕ್ವೆರಿ ಹೋಗುವಂತೆ ಮಾಡಿದ ಮೇಲೆ ಅದು ಒಂದು ಸೆಕೆಂಡಿನೊಳಗೆ ಬಂತು. ಮೂರನೆಯದು ಬಿಡುಗಡೆಯೇ ಆಗಲಿಲ್ಲ. ಅದರಿಂದ ಪತ್ರಕ್ಕೆ ತೆಗೆದುಕೊಳ್ಳುವಂಥದ್ದು ಏನೂ ಸಿಗಲಿಲ್ಲ, ಹಾಗಾಗಿ ಬಿಟ್ಟೆವು. ಬಿಡುಗಡೆಯಾಗದ್ದನ್ನು ‘ಯಶಸ್ವಿಯಾಗಿ ತಲುಪಿಸಿದೆ’ ಎಂದು ಬರೆದವರು, ಎಷ್ಟು ಬಳಕೆದಾರರಿದ್ದರು ಎಂಬ ಒಂದೇ ಪ್ರಶ್ನೆಗೆ ತಡವರಿಸುವುದನ್ನು ಸಂದರ್ಶನಗಳಲ್ಲಿ ಹಲವು ಸಲ ಕಂಡಿದ್ದೇನೆ.

ಎರಡನೇ ಹೆಜ್ಜೆ, ಕಾರಣವನ್ನು ಒಂದೇ ವಾಕ್ಯಕ್ಕೆ ಇಳಿಸುವುದು. ಪ್ರಾಜೆಕ್ಟ್ ಮುಚ್ಚಿದ್ದು ಹಿನ್ನೆಲೆ ಮಾತ್ರ, ಕೆಲಸ ಬಿಡುವ ನಿಜವಾದ ಕಾರಣ ಅದರ ಹಿಂದೆ ಇರುತ್ತದೆ. ಇವನನ್ನು ಕೆದಕಿ ಕೇಳಿದಾಗ ಹೊರಬಂದದ್ದು ಇಷ್ಟು: ತಾನು ಬರೆದ ಕೋಡು ಎರಡು ವರ್ಷ ಓಡಿದಾಗ ಎಲ್ಲಿ ಸವೆಯುತ್ತದೆ, ದತ್ತಾಂಶ ಹತ್ತುಪಟ್ಟಾದಾಗ ಎಲ್ಲಿ ಕುಸಿಯುತ್ತದೆ ಎಂಬುದನ್ನು ಅವನು ಈವರೆಗೆ ನೋಡಿರಲಿಲ್ಲ, ಅದನ್ನು ನೋಡಬೇಕಾಗಿತ್ತು. ಈ ಕಾರಣ ದೂರೂ ಅಲ್ಲ, ಬಣ್ಣ ಹಚ್ಚಿದ್ದೂ ಅಲ್ಲ. ಆದರೆ ಇದು ಹೊಂದುವುದು ದೀರ್ಘಕಾಲದಿಂದ ಬಳಕೆಯಲ್ಲಿರುವ ಉತ್ಪನ್ನದ ತಂಡಕ್ಕೆ ಮಾತ್ರ. ಆರು ತಿಂಗಳಿಗೊಮ್ಮೆ ಗ್ರಾಹಕರು ಬದಲಾಗುವ ಇನ್ನೊಂದು ಸೇವಾ ಕಂಪನಿಗೆ ಇದೇ ಪತ್ರ ಕಳಿಸಿದರೆ ಅರ್ಥವಿಲ್ಲ.

ಮೂರನೇ ಹೆಜ್ಜೆಯಲ್ಲಿ ಪತ್ರ. ಅದು ಇಂಗ್ಲಿಷಿನಲ್ಲೇ ಹೋಗಬೇಕಾಗಬಹುದು. ಆದರೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಂಟರ್ನೆಟ್ಟಿನ ಮಾದರಿ ಪತ್ರಗಳಲ್ಲಿ ತುಂಬಿರುವ ಪೊಳ್ಳು ವಿಶೇಷಣಗಳು ಕನ್ನಡದಲ್ಲಿ ಬರೆಯುವಾಗ ಬಾಯಿಗೇ ಬರುವುದಿಲ್ಲ. ಅವನ ಪತ್ರ ಕೊನೆಗೆ ಹೀಗಾಯಿತು:

‘ನಿಮ್ಮ ಬಿಲ್ಲಿಂಗ್ ತಂಡದ ಬ್ಯಾಕೆಂಡ್ ಡೆವಲಪರ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಐದು ವರ್ಷಗಳಿಂದ ಜಾವಾ ಮತ್ತು ಸ್ಪ್ರಿಂಗ್ ಬೂಟ್‌ನಲ್ಲಿ ಕೆಲಸ ಮಾಡಿದ್ದೇನೆ. ಗೋದಾಮು ದಾಸ್ತಾನಿನ ವ್ಯವಸ್ಥೆಯೊಂದರಲ್ಲಿ ಸ್ಕ್ಯಾನಿಂಗ್ ಉತ್ತರದ ಸಮಯವನ್ನು ಆರು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ತಂದೆ. ವಿಮಾ ಕ್ಲೇಮುಗಳ ಪೋರ್ಟಲ್ ಒಂದನ್ನು ಮುಚ್ಚುವಾಗ ಸುಮಾರು ಎರಡು ಲಕ್ಷ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿ ತಾಳೆ ನೋಡಿದೆ. ಕಳೆದ ಎರಡೂವರೆ ವರ್ಷಗಳಲ್ಲಿ ನಾನಿದ್ದ ಮೂರು ಪ್ರಾಜೆಕ್ಟ್‌ಗಳು ಗ್ರಾಹಕರ ವ್ಯಾವಹಾರಿಕ ತೀರ್ಮಾನಗಳಿಂದ ಬೇಗ ಮುಗಿದವು. ಕಟ್ಟುವುದನ್ನೂ ಕ್ರಮವಾಗಿ ಇಳಿಸುವುದನ್ನೂ ಅಲ್ಲಿ ಕಲಿತಿದ್ದೇನೆ, ಬಳಕೆಯಲ್ಲಿರುವ ವ್ಯವಸ್ಥೆಯೊಂದನ್ನು ವರ್ಷಗಟ್ಟಲೆ ನೋಡಿಕೊಂಡು ಬೆಳೆಸುವ ಕೆಲಸವನ್ನು ಈಗ ಅರಸುತ್ತಿದ್ದೇನೆ. ನನ್ನ ನೋಟಿಸ್ ಅವಧಿ 60 ದಿನಗಳು.’

ಮುಚ್ಚಿದ ವಿಷಯ ಇಲ್ಲಿ ಅಡಗಿಲ್ಲ. ಅದು ಮೊದಲ ವಾಕ್ಯವಾಗಿಲ್ಲ, ಅಷ್ಟೇ. ‘ಗ್ರಾಹಕರ ವ್ಯಾವಹಾರಿಕ ತೀರ್ಮಾನ’ ಎಂಬ ಮಾತು ಈ ಯುವಕನ ಮಟ್ಟಿಗೆ ನಿಜವಾದ್ದರಿಂದ ಬಳಸಿದೆವು. ತಂಡದ ತಪ್ಪುಗಳಿಂದಲೇ ಗ್ರಾಹಕರು ಹೊರಟುಹೋಗಿದ್ದರೆ ‘ಬೇಗ ಮುಗಿದವು’ ಎಂದಷ್ಟೇ ಬರೆದು, ಉಳಿದದ್ದನ್ನು ಕೇಳಿದಾಗ ನೇರವಾಗಿ ಹೇಳುವುದು ಸರಿ.

ಬರೆದ ಮೇಲೆ ಒಂದು ಪರೀಕ್ಷೆ ಮಾಡಬಹುದು. ಕನ್ನಡದ ಕ್ರಿಯಾಪದ ತನ್ನ ಕರ್ತೃವನ್ನು ಬಾಲದಲ್ಲೇ ಹೊತ್ತಿರುತ್ತದೆ. ಕರಡಿನ ಪ್ರತಿ ವಾಕ್ಯದ ಕೊನೆಗೆ ಗೆರೆ ಎಳೆದು, ರದ್ದಾದವು, ಕುಂಠಿತವಾಯಿತು ಎಂಬಂಥವು ಎಷ್ಟು, ತಂದೆ, ಸಾಗಿಸಿದೆ, ಕಲಿತಿದ್ದೇನೆ ಎಂಬಂಥವು ಎಷ್ಟು ಎಂದು ಎಣಿಸಬೇಕು. ಹಳೆಯ ಕರಡಿನಲ್ಲಿ ‘ನಾನು’ ಕಾಣುತ್ತಿದ್ದದ್ದು ‘ಹುಡುಕುತ್ತಿದ್ದೇನೆ’ ಎಂಬಲ್ಲಿ ಮಾತ್ರ. ಹೊಸದರಲ್ಲಿ ತಾನಾಗಿ ಆದದ್ದನ್ನು ಹೇಳುವ ಕ್ರಿಯಾಪದ ‘ಮುಗಿದವು’ ಒಂದೇ.

ಕಳಿಸುವ ಮುನ್ನ ಎರಡು ವಿಷಯ ನೋಡಿಕೊಳ್ಳಬೇಕು. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಗ್ರಾಹಕರ ಹೆಸರು ಬರೆಯಬಾರದು, ‘ವಿಮಾ ಕಂಪನಿಯೊಂದು’ ಎಂದರೆ ಸಾಕು. ಹಾಗೆಯೇ ಕಂಪನಿಗೆ ಸೇರಿದ ಮತ್ತು ಬಿಟ್ಟ ದಿನಾಂಕಗಳು ಭವಿಷ್ಯ ನಿಧಿಯ ಯುಎಎನ್ ಖಾತೆಯ ಸೇವಾ ವಿವರದಲ್ಲಿ ದಾಖಲಾಗಿರುತ್ತವೆ. ಹಿನ್ನೆಲೆ ಪರಿಶೀಲನೆ ಮಾಡುವವರು ಅದನ್ನು ಕೇಳಬಹುದಾದ್ದರಿಂದ ರೆಸ್ಯೂಮೆಯ ದಿನಾಂಕಗಳನ್ನು ಅದರೊಂದಿಗೆ ಹೋಲಿಸಿಕೊಳ್ಳಬೇಕು. ಬೆಂಚಿನ ತಿಂಗಳುಗಳು ಆ ದಾಖಲೆಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ, ಆದರೂ ಅವನ್ನು ಮುಚ್ಚಲೆಂದು ಪ್ರಾಜೆಕ್ಟಿನ ಅವಧಿಯನ್ನು ಹಿಗ್ಗಿಸಬಾರದು. ಹಳೆಯ ಸಹೋದ್ಯೋಗಿಯೊಬ್ಬರಿಗೆ ಒಂದು ಫೋನ್ ಹೋದರೆ ಅದು ಹೊರಬೀಳುತ್ತದೆ.

ಆ ಯುವಕನಿಗೆ ಸಂದರ್ಶನದಲ್ಲಿ ಬಂದ ಮೊದಲ ಪ್ರಶ್ನೆ, ಆ ಆರು ಸೆಕೆಂಡು ಎಲ್ಲಿ ಹೋಗುತ್ತಿತ್ತು ಎಂದು ಹೇಗೆ ಪತ್ತೆ ಮಾಡಿದಿರಿ ಎಂಬುದು.