ಐಎಲ್‌ಆರ್ ಮೈನಸ್‌ಗೆ ಹೋದಾಗ ನಾವು ಮಾಡಿದ್ದು: ಶೇಕ್ ಟೆಸ್ಟ್ ಬಗ್ಗೆ ನನ್ನ ಅನುಭವ

ಮಳೆಗಾಲದಲ್ಲಿ ನಮ್ಮ ಬದಿಯಡ್ಕ, ಪೆರ್ಲ ಕಡೆಯ ಕರೆಂಟಿನ ಕಥೆ ಎಲ್ರಿಗೂ ಗೊತ್ತುಂಟು. ಒಂದು ಗಾಳಿ ಬಂದ್ರೆ ಸಾಕು, ಯಾರದ್ದೋ ತೋಟದ ಅಡಿಕೆ ಮರವೋ ತೆಂಗಿನ ಮಡಲೋ ಲೈನ್ ಮೇಲೆ ಬೀಳ್ತದೆ, ಆಮೇಲೆ ಕೆಎಸ್‌ಇಬಿಯವ್ರು ಬಂದು ಸರಿ ಮಾಡುವವರೆಗೆ ಕತ್ತಲೆ. ಆಗ ಗುರ್ತದವ್ರೆಲ್ಲ ಕೇಳುದು ಒಂದೇ ಪ್ರಶ್ನೆ, "ಸಿಸ್ಟರೇ, ನಿಮ್ಮಲ್ಲಿ ವ್ಯಾಕ್ಸಿನ್ ಎಲ್ಲ ಹಾಳಾಗುದಿಲ್ವಾ?" ಹೇಳಿ. ಹಾಳಾಗುದಿಲ್ಲ, ಅಷ್ಟು ಬೇಗ ಅಂತೂ ಅಲ್ಲ. ನಮ್ಮ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಇರುದು ಮನೆಯ ಫ್ರಿಡ್ಜ್ ಅಲ್ಲ, ಐಎಲ್‌ಆರ್, ಅಂದ್ರೆ ಐಸ್ ಲೈನ್ಡ್ ರೆಫ್ರಿಜರೇಟರ್. ಅದರ ಗೋಡೆಯ ಒಳಗೆ ಸುತ್ತ ಐಸಿನ ಪದರ ಇರ್ತದೆ, ಬಾಗಿಲು ಮೇಲಿನಿಂದ ತೆಗೆಯುದಾದ್ರಿಂದ ತಂಪು ಹೊರಗೆ ಸುರಿದು ಹೋಗುದಿಲ್ಲ. ಐಸ್ ಪೂರ್ತಿ ಕಟ್ಟಿದ್ರೆ 43 ಡಿಗ್ರಿ ಸೆಕೆಯಲ್ಲೂ 20 ಗಂಟೆ ತಡೀಬೇಕು ಹೇಳಿಯೇ ಅಂಥ ಪೆಟ್ಟಿಗೆ ಮಾಡಿರುದು. ಕರೆಂಟ್ ಹೋದಾಗ ನಾವು ಮಾಡ್ಬೇಕಾದ ದೊಡ್ಡ ಕೆಲಸ ಅಂದ್ರೆ ಮುಚ್ಚಳ ತೆಗೆಯದೆ ಇರುದು, ಅಷ್ಟೇ.

ನಂಗೆ ನಿಜಕ್ಕೂ ಹೆದ್ರಿಕೆ ಇರುದು ಬಿಸಿ ಆಗುದರ ಬಗ್ಗೆ ಅಲ್ಲ, ಜಾಸ್ತಿ ತಂಪಾಗುದರ ಬಗ್ಗೆ. ವ್ಯಾಕ್ಸಿನ್ ಇಡ್ಬೇಕಾದ್ದು 2ರಿಂದ 8 ಡಿಗ್ರಿ ಒಳಗೆ. 8 ದಾಟಿದ್ರೆ ಅದನ್ನು ತೋರಿಸ್ಲಿಕ್ಕೆ ವಯಲ್ ಮೇಲೆಯೇ, ಅಂದ್ರೆ ವ್ಯಾಕ್ಸಿನ್ ಇರುವ ಸಣ್ಣ ಬಾಟ್ಲಿ ಮೇಲೆಯೇ, ವಿವಿಎಂ ಹೇಳುವ ಗುರುತು ಉಂಟು, ವೃತ್ತದ ಒಳಗೆ ಒಂದು ಚೌಕ. ಸೆಕೆ ತಾಗಿದ ಹಾಗೆ ಚೌಕ ಕಪ್ಪಾಗ್ತಾ ಬರ್ತದೆ, ಸುತ್ತಿನ ವೃತ್ತದ ಬಣ್ಣಕ್ಕೆ ಸಮ ಆಯ್ತು ಅಂದ್ರೆ ಆ ವಯಲ್ ಬೇಡ. ಆದ್ರೆ ಸೊನ್ನೆಗಿಂತ ಕೆಳಗೆ ಹೋದ್ರೆ ವಿವಿಎಂ ಏನೂ ಹೇಳುದಿಲ್ಲ, ಚೌಕ ಬೆಳ್ಳಗೇ ಇರ್ತದೆ, ವ್ಯಾಕ್ಸಿನ್ ಒಳಗಿಂದ ಹೋಗಿರ್ತದೆ. ಪೆಂಟಾ, ಹೆಪಟೈಟಿಸ್ ಬಿ, ಡಿಪಿಟಿ, ಟಿಡಿ ಇವುಗಳಲ್ಲೆಲ್ಲ ಅಲ್ಯೂಮಿನಿಯಂ ಉಪ್ಪು ಸೇರಿಸಿರ್ತಾರೆ, ವ್ಯಾಕ್ಸಿನ್ ಅಂಶ ಅದಕ್ಕೆ ಅಂಟಿಕೊಂಡು ಇರ್ತದೆ. ಒಮ್ಮೆ ಫ್ರೀಜ್ ಆದ್ರೆ ಆ ಸಣ್ಣ ಕಣಗಳೆಲ್ಲ ಗಂಟುಗಂಟು ಆಗಿ ಬಿಡ್ತವೆ, ಮತ್ತೆ ಕರಗಿದ್ರೂ ಮೊದಲಿನ ಹಾಗೆ ಆಗುದಿಲ್ಲ, ಒಡೆದ ಹಾಲಿನ ಹಾಗೆ. ಅದನ್ನೇ ಮಗುವಿಗೆ ಕೊಟ್ರೆ ಸೂಜಿ ಹಾಕಿದ ಜಾಗ ಬಾತು ಗಡ್ಡೆ ಕಟ್ಬಹುದು, ಅದಕ್ಕಿಂತ ಬೇಜಾರಿನ ವಿಷ್ಯ ಅಂದ್ರೆ ಕಾರ್ಡಲ್ಲಿ ಡೋಸ್ ಆಯ್ತು ಹೇಳಿ ಬರ್ದಿರ್ತದೆ, ಮಗುವಿಗೆ ರಕ್ಷಣೆ ಸರಿಯಾಗಿ ಸಿಕ್ಕಿರುದಿಲ್ಲ, ಆ ತಾಯಿಗೂ ಗೊತ್ತಾಗುದಿಲ್ಲ ನಮಗೂ ಗೊತ್ತಾಗುದಿಲ್ಲ.

ನಮ್ಮಲ್ಲಿ ಆದದ್ದು ಹೀಗೆ. ಒಂದು ಮಳೆಗಾಲ, ವೋಲ್ಟೇಜ್ ಏರುಪೇರಾಗಿ ಸ್ಟೆಬಿಲೈಜರ್ ಹೋಯ್ತು. ಸೋಮವಾರ ಸಂಜೆ ಒಬ್ಬ ಮೆಕ್ಯಾನಿಕ್ ಬಂದು ಬದಲಾಯಿಸಿ ಕೊಟ್ರು. ಹೋಗುವ ಮೊದ್ಲು, ಪೆಟ್ಟಿಗೆ ಸಾಕಷ್ಟು ತಂಪಾಗುದಿಲ್ಲ ಹೇಳಿ ಅವ್ರೇ ಅಂದಾಜು ಮಾಡಿ ಥರ್ಮೋಸ್ಟಾಟ್ ಕೂಡ ತಿರುಗಿಸಿದ್ದಾರೆ, ಅದನ್ನು ಯಾರಿಗೂ ಹೇಳ್ಲಿಲ್ಲ. ಮಂಗಳವಾರ ಬೆಳಿಗ್ಗೆ ನಾನು ರಿಜಿಸ್ಟರ್‌ಗೆ ಟೆಂಪರೇಚರ್ ಬರೀಲಿಕ್ಕೆ ಹೋದಾಗ ಬುಟ್ಟಿಯೊಳಗಿನ ಥರ್ಮಾಮೀಟರಲ್ಲಿ ಮೈನಸ್ 2. ಟೆಂಪರೇಚರ್ ತನ್ನಷ್ಟಕ್ಕೆ ದಾಖಲು ಮಾಡುವ ಲಾಗರಿನ ಗ್ರಾಫ್ ತೆಗ್ದು ನೋಡಿದ್ರೆ ಮಧ್ಯರಾತ್ರಿ ಹೊತ್ತಿಗೆ ಸೊನ್ನೆ ದಾಟಿ ಕೆಳಗೆ ಇಳಿದದ್ದು ಅಲ್ಲೇ ಕೂತಿದೆ. ಅಲರ್ಟ್ ಮೆಸೇಜ್ ಬಂದದ್ದು ಬೆಳಿಗ್ಗೆ ನಾನು ರೇಂಜ್ ಇರುವ ಜಾಗಕ್ಕೆ ಬಂದ ಮೇಲೆ, ನಮ್ಮ ಗುಡ್ಡದ ಆಚೆ ಮಳೆ ಬಂದ್ರೆ ಹಾಗೆಯೇ. ಅದಕ್ಕೇ ಲಾಗರ್ ಇದ್ರೂ ದಿನಕ್ಕೆ ಎರಡು ಸಲ, ಭಾನುವಾರ ಸೇರಿಸಿ, ಕಣ್ಣಲ್ಲಿ ನೋಡಿ ಬರೀಬೇಕು ಅನ್ನುದರಲ್ಲಿ ನಂಗೆ ಪೂರ್ತಿ ನಂಬಿಕೆ.

ಮೊದಲು ಮಾಡಿದ್ದು ಮೇಡಂಗೆ, ಅಂದ್ರೆ ನಮ್ಮ ಮೆಡಿಕಲ್ ಆಫೀಸರಿಗೆ, ಫೋನ್. ಅವ್ರು ಜಿಲ್ಲೆಗೆ ತಿಳಿಸಿದ್ರು. ಈ ಹೊತ್ತಲ್ಲಿ ಬಿಸಾಡ್ಲೂ ಬಾರ್ದು, ಉಪಯೋಗಿಸ್ಲೂ ಬಾರ್ದು. ಎಲ್ಲ ವಯಲ್‌ಗಳನ್ನು, ಹೊರಗಿಟ್ಟು ಸ್ವಲ್ಪ ಕರಗಿಸಿದ ಐಸ್ ಪ್ಯಾಕ್ ಇರುವ ಕೋಲ್ಡ್ ಬಾಕ್ಸಿಗೆ ಹಾಕಿ ಮೇಲೆ "ಉಪಯೋಗಿಸಬಾರದು" ಹೇಳಿ ದೊಡ್ಡದಾಗಿ ಬರೆದು ಬದಿಗೆ ಇಟ್ಟೆ. ಯಾವ ವಯಲ್ ಎಲ್ಲಿತ್ತು ಅಂತ ತೆಗೆಯುವಾಗಲೇ ಬರೆದುಕೊಂಡೆ, ಯಾಕಂದ್ರೆ ಐಎಲ್‌ಆರ್‌ನಲ್ಲಿ ತಳ ಮತ್ತೆ ಗೋಡೆಯ ಹತ್ರ ಅತೀ ತಂಪು, ಮೇಲೆ ನಡುವಿನ ಜಾಗ ಕಮ್ಮಿ ತಂಪು. ಹಾಗಾಗಿಯೇ ಫ್ರೀಜ್ ಆಗಬಾರದ ವ್ಯಾಕ್ಸಿನ್ ಬುಟ್ಟಿಯ ಮೇಲ್ಭಾಗದಲ್ಲಿ, ಪೋಲಿಯೋ ಹನಿ, ಬಿಸಿಜಿ, ಎಂಆರ್ ಕೆಳಗೆ ಇಡುದು. ಇನ್ನೊಂದು, ಕಡೇ ಸಲ ಸರಿ ಇದ್ದದ್ದು ಸೋಮವಾರ ಸಂಜೆ, ಆ ನಡುವೆ ಯಾವ ಮಗುವಿಗೂ ಡೋಸ್ ಕೊಡ್ಲಿಲ್ಲ ಅಂತ ರಿಜಿಸ್ಟರ್ ನೋಡಿ ಖಾತ್ರಿ ಮಾಡಿಕೊಂಡ್ವಿ. ಅಲ್ಲಿಗೆ ಸ್ವಲ್ಪ ಉಸಿರು ಬಂತು. ಬುಧವಾರ ನಮ್ಮಲ್ಲಿ ಇಂಜೆಕ್ಷನ್ ದಿನ, ಆಶಾ ಅಕ್ಕಂದಿರು ಎಲ್ಲ ಮನೆಗೂ ಹೇಳಿ ಆಗಿತ್ತು. ಹಾಗೆ ಪಕ್ಕದ ಕೇಂದ್ರದಿಂದ ಅವತ್ತೇ ವ್ಯಾಕ್ಸಿನ್ ಸಾಲ ತರಿಸಿಕೊಂಡ್ವಿ.

ಬಿಸಿಜಿ, ಎಂಆರ್ ಪುಡಿ ವ್ಯಾಕ್ಸಿನ್, ಪೋಲಿಯೋ ಹನಿ, ಇವಕ್ಕೆ ಆ ತಂಪಿಂದ ತೊಂದ್ರೆ ಇಲ್ಲ. ಪುಡಿಗೆ ಬೆರೆಸುವ ನೀರಿನ ಆಂಪೂಲ್ ಮಾತ್ರ ಬಿರುಕು ಬಿಟ್ಟಿದೆಯಾ ಅಂತ ಒಂದೊಂದೇ ನೋಡ್ಬೇಕು. ಟಿಡಿಯಲ್ಲಿ ಗೋಡೆಗೆ ತಾಗಿ ಇದ್ದ ಕೆಲವು ವಯಲ್ ಗಟ್ಟಿ ಐಸ್ ಆಗಿಯೇ ಇತ್ತು, ಅದಕ್ಕೆ ಶೇಕ್ ಟೆಸ್ಟ್, ಅಂದ್ರೆ ವಯಲ್ ಅಲುಗಾಡಿಸಿ ಫ್ರೀಜ್ ಆಗಿತ್ತಾ ಅಂತ ನೋಡುದು, ಬೇಡ, ಸೀದಾ ತೆಗೆದಿಡುದು. ಐಪಿವಿ ಕೂಡ ಫ್ರೀಜ್ ಆದ್ರೆ ಹಾಳು, ಆದ್ರೆ ಅದ್ರಲ್ಲಿ ಅಲ್ಯೂಮಿನಿಯಂ ಇಲ್ಲದ ಕಾರಣ ಶೇಕ್ ಟೆಸ್ಟಲ್ಲಿ ಏನೂ ಗೊತ್ತಾಗುದಿಲ್ಲ, ಅದನ್ನೂ ಬದಿಗಿಟ್ವಿ. ಉಳಿದದ್ದು ನೀರಾಗಿಯೇ ಕಾಣುತ್ತಿದ್ದ ಪೆಂಟಾ ಮತ್ತೆ ಹೆಪಟೈಟಿಸ್ ಬಿ. ನೀರಾಗಿ ಕಂಡದ್ದಕ್ಕೆ ಸರಿ ಇದೆ ಅಂತ ಅರ್ಥ ಅಲ್ಲ, ರಾತ್ರಿ ಕಟ್ಟಿ ಬೆಳಿಗ್ಗೆ ಕರಗಿರಬಹುದು.

ಶೇಕ್ ಟೆಸ್ಟಿಗೆ ಬೇಕಾದ್ದು ಹೋಲಿಸ್ಲಿಕ್ಕೆ ಒಂದು ಖಂಡಿತ ಹಾಳಾದ ವಯಲ್. ಅದನ್ನು ನಾವೇ ಮಾಡ್ಬೇಕು, ಅದೇ ಕಂಪನಿ, ಅದೇ ವ್ಯಾಕ್ಸಿನ್, ಅದೇ ಬ್ಯಾಚ್ ಆಗಿರ್ಬೇಕು. ನಮ್ಮಲ್ಲಿ ಪೆಂಟಾ ಒಂದೇ ಬ್ಯಾಚ್, ಹೆಪಟೈಟಿಸ್ ಬಿ ಒಂದೇ ಬ್ಯಾಚ್ ಇದ್ದದ್ದು ಪುಣ್ಯ, ಬ್ಯಾಚ್ ಎರಡಿದ್ರೆ ಪ್ರತಿಯೊಂದಕ್ಕೂ ಬೇರೆ ಬೇರೆ ಮಾಡ್ಬೇಕಿತ್ತು. ಒಂದೊಂದು ವಯಲ್ ತೆಗೆದು "ಫ್ರೋಜನ್" ಅಂತ ಲೇಬಲ್ ಹಾಕಿ ಡೀಪ್ ಫ್ರೀಜರಲ್ಲಿ ರಾತ್ರಿ ಪೂರ್ತಿ ಇಟ್ವಿ, ಕಮ್ಮಿ ಅಂದ್ರೂ 10 ಗಂಟೆ ಆಗ್ಬೇಕು, ಒಳಗಿದ್ದದ್ದು ಕಲ್ಲಾಗ್ಬೇಕು. ಲೇಬಲ್ ಹಾಕದೆ ಇಡ್ಲೇಬಾರ್ದು, ಕರಗಿದ ಮೇಲೆ ಅದು ಒಳ್ಳೆ ವಯಲ್ ಹಾಗೆಯೇ ಕಾಣ್ತದೆ, ಯಾರಾದ್ರೂ ತಗೊಂಡ್ರೆ ಮುಗೀತು. ಬೆಳಿಗ್ಗೆ ತೆಗೆದು ತನ್ನಷ್ಟಕ್ಕೆ ಕರಗ್ಲಿಕ್ಕೆ ಬಿಟ್ವಿ, ಬಿಸಿ ನೀರಿಗೆ ಎಲ್ಲ ಹಾಕ್ಲಿಕ್ಕಿಲ್ಲ.

ಪೂರ್ತಿ ಕರಗಿದ ಮೇಲೆ ಆ ವಯಲ್ ಮತ್ತೆ ಸಂಶಯದ ವಯಲ್, ಎರಡನ್ನೂ ಒಂದೇ ಕೈಯಲ್ಲಿ ಜೋಡಿಸಿ ಹಿಡಿದು 10-15 ಸೆಕೆಂಡ್ ಜೋರಾಗಿ ಅಲುಗಾಡಿಸಿ ಸಮತಟ್ಟಾದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಮುಟ್ಟದೆ, ಕಿಟಕಿಯ ಬೆಳಕಿಗೆ ಎದುರಾಗಿ ನೋಡ್ತಾ ಕೂತೆ. ಅಲುಗಾಡಿಸಿದ ಕೂಡ್ಲೇ ಎರಡೂ ಬಿಳಿ ಮಜ್ಜಿಗೆ ನೀರಿನ ಬಣ್ಣ. ಹೆಪಟೈಟಿಸ್ ಬಿಯಲ್ಲಿ ಸ್ವಲ್ಪ ಹೊತ್ತಲ್ಲೇ ವ್ಯತ್ಯಾಸ ಶುರುವಾಯ್ತು, ನಾವು ಬೇಕಂತಲೇ ಕಟ್ಟಿಸಿದ ವಯಲಲ್ಲಿ ಮೇಲೆ ತಿಳಿನೀರಿನ ಒಂದು ಗೆರೆ ಮೂಡಿತು, ಅದು ಕೆಳಗೆ ಕೆಳಗೆ ಇಳೀತಾ ಹೋಯ್ತು, ಅಡಿಯಲ್ಲಿ ಬಿಳಿ ಗಷ್ಟು ಕೂತಿತು. ಸಂಶಯದ ವಯಲ್ ಆಗಲೂ ಹಾಗೆಯೇ ಬಿಳಿ. ಅರ್ಧ ಗಂಟೆವರೆಗೆ ನೋಡ್ಬಹುದು, ಅಷ್ಟು ಕಾಯುವ ಮೊದಲೇ ಗೊತ್ತಾಯ್ತು. ನಿಧಾನ ಕೂತರೆ ಪಾಸ್, ಉಪಯೋಗಿಸಬಹುದು.

ಪೆಂಟಾದಲ್ಲಿ ಹಾಗಾಗ್ಲಿಲ್ಲ. ಗೋಡೆ ಬದಿಯಲ್ಲಿದ್ದ ವಯಲ್ ಹಾಳಾದ ವಯಲ್ ಜೊತೆ ಜೊತೆಯೇ ಕೂರ್ಲಿಕ್ಕೆ ಶುರುಮಾಡಿತು, ಎರಡರ ಮೇಲೂ ಒಂದೇ ಎತ್ತರಕ್ಕೆ ತಿಳಿನೀರು, ಬಗ್ಗಿಸಿ ನೋಡಿದ್ರೆ ಗಷ್ಟು ತಳದಲ್ಲಿ ಒಟ್ಟಾಗಿ ಜಾರ್ತದೆ. ಒಟ್ಟಿಗೆ ಕೂತ್ರೂ ಮೊದಲೇ ಕೂತ್ರೂ ಫೇಲ್. ನಡುವಿನ ಜಾಗದ ವಯಲ್‌ಗಳನ್ನು ಬೇರೆಯಾಗಿ ಮಾಡಿ ನೋಡಿದ್ವಿ, ಅವು ನಿಧಾನವಾಗಿ ಕೂತವು. ಆದ್ರೆ ಗೋಡೆ ಬದಿಯ ಸಾಲು ಎಲ್ಲಿ ಮುಗೀತದೆ, ನಡುವಿನದ್ದು ಎಲ್ಲಿಂದ ಶುರು ಅಂತ ನಾನು ಬರೆದದ್ದರಲ್ಲಿ ಸ್ಪಷ್ಟ ಗೆರೆ ಹಾಕ್ಲಿಕ್ಕೆ ಆಗುವ ಹಾಗೆ ಇರ್ಲಿಲ್ಲ, ಬುಟ್ಟಿಯೇ ಅಷ್ಟು ಸಣ್ಣದು. ಮೇಡಂ ಅಂದ್ರು, "ಸಂಶಯ ಇದ್ರೆ ಮಗುವಿಗೆ ಬೇಡ ಸಿಸ್ಟರ್". ಪೆಂಟಾ ಪೂರ್ತಿ ಬದಿಗಿಟ್ಟು ಬ್ಯಾಚ್ ನಂಬರ್, ವಯಲ್ ಎಷ್ಟು, ಎಷ್ಟು ಹೊತ್ತು ಎಷ್ಟು ಡಿಗ್ರಿಯಲ್ಲಿತ್ತು ಎಲ್ಲ ಬರೆದು ಜಿಲ್ಲೆಗೆ ಕಳಿಸಿದ್ವಿ. ಅಷ್ಟು ಡೋಸ್ ಹೋಯ್ತಲ್ಲ ಅಂತ ಹೊಟ್ಟೆ ಉರೀತದೆ, ಆದ್ರೆ ನನ್ನ ಪ್ರಕಾರ ಅದೇ ಸರಿ.

ಫ್ರೀಜರಿಂದ ತೆಗೆದ ಐಸ್ ಪ್ಯಾಕನ್ನು ಗಡಿಬಿಡಿಯಲ್ಲಿ ಸೀದಾ ಕ್ಯಾರಿಯರಿಗೆ ಹಾಕಿದ್ರೂ ಇದೇ ಹಾಳು ಆಗ್ತದೆ, ಐಎಲ್‌ಆರ್ ಎಷ್ಟು ಚಂದ ಇದ್ರೂ ಪ್ರಯೋಜನ ಇಲ್ಲ. ಪ್ಯಾಕನ್ನು ಮೇಜಿನ ಮೇಲೆ ಹರಡಿ ಇಟ್ಟು, ಮೈಮೇಲೆ ನೀರ ಹನಿ ಮೂಡಿ, ಕಿವಿ ಹತ್ರ ಹಿಡಿದು ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ನಾಲ್ಕೂ ಪ್ಯಾಕ್ ಒಳಗೆ ಇಡುದು, ವಯಲ್ ಪ್ಲಾಸ್ಟಿಕ್ ಜಿಪ್ ಕವರಲ್ಲಿ ಹಾಕಿ ನಡುವೆ. ಮಳೆಗಾಲದಲ್ಲಿ ಇದಕ್ಕೆ ಜಾಸ್ತಿ ಹೊತ್ತು ಹಿಡೀತದೆ, ಆಟೋದವ್ರು ಹಾರ್ನ್ ಹಾಕ್ತಾ ಇದ್ರೂ ಕಾಯ್ಲೇಬೇಕು.

ಮನೆಯಲ್ಲಿ ಇನ್ಸುಲಿನ್ ಇಡುವವ್ರೂ ಇದನ್ನು ನೋಡ್ಕೊಳ್ಳಿ. ಒಬ್ಬ ಅಜ್ಜಿ ಫ್ರೀಜರ್ ಕೆಳಗಿನ ತಟ್ಟೆಯಲ್ಲಿ, ಅಂದ್ರೆ ಫ್ರಿಡ್ಜಿನ ಅತೀ ತಂಪು ಜಾಗದಲ್ಲಿ ಇಟ್ಟಿದ್ರು, ಪಾಪ, ಒಳ್ಳೇದಕ್ಕೇ. ಒಮ್ಮೆ ಕಟ್ಟಿದ ಇನ್ಸುಲಿನ್ ಕರಗಿದ ಮೇಲೆ ಎಷ್ಟು ತಿಳಿ ಕಂಡ್ರೂ ಚುಚ್ಚಬಾರ್ದು, ಶುಗರ್ ಯಾಕೆ ಇಳೀತಿಲ್ಲ ಅಂತ ಆಮೇಲೆ ತಲೆ ಕೆಡಿಸಿಕೊಳ್ಳುದು ಬೇಡ. ಫ್ರೀಜರಿನಿಂದ ದೂರದ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ತಾಗದ ಹಾಗೆ ಇಟ್ರೆ ಸಾಕು.

ಈಗ ನಮ್ಮಲ್ಲಿ ಥರ್ಮೋಸ್ಟಾಟ್ ಗುಬ್ಬಿ ಮೇಲೆ ಪ್ಲಾಸ್ಟರ್ ಅಂಟಿಸಿ ತಾರೀಕು ಬರೆದಿಟ್ಟಿದ್ದೇವೆ, ಯಾರಾದ್ರೂ ತಿರುಗಿಸಿದ್ರೆ ಗೊತ್ತಾಗ್ತದೆ. ರಿಪೇರಿಗೆ ಯಾರೇ ಬರ್ಲಿ, ವ್ಯಾಕ್ಸಿನ್ ಮೊದಲೇ ಕೋಲ್ಡ್ ಬಾಕ್ಸಿಗೆ ಹೋಗ್ತದೆ, ರಿಪೇರಿ ಆದ ಮೇಲೆ ಖಾಲಿ ಐಎಲ್‌ಆರ್ 2ರಿಂದ 8ರ ಒಳಗೆ ನಿಂತಿದೆ ಹೇಳಿ ಒಂದು ದಿನ ಪೂರ್ತಿ ನೋಡಿ ಆಮೇಲೆಯೇ ವಾಪಸ್ ಇಡುದು.