ಯೂಸರ್ ಫೋನ್ ಮಾಡೋಕ್ ಮುಂಚೆನೇ ಫೈಬರ್ ಕೆಡ್ತಿರೋದು ಹಿಡಿದಿದ್ದು ಹೇಗೆ – ನನ್ನ ಅನುಭವ

ಇಂಟರ್‌ಫೇಸ್ ಎರರ್ ನೋಡ್ಕೊಂಡು ಲಿಂಕ್ ಕೆಡೋದನ್ನ ಮೊದ್ಲೇ ಹೇಳ್ಬಹುದು ಅಂದಾಗ ನಮ್ಮಲ್ಲಿ ಯಾರೂ ನಂಬಿರ್ಲಿಲ್ಲ. "ಎರರ್ ಎಲ್ಲಾ ಸ್ವಿಚ್ಚಲ್ಲೂ ಇರುತ್ತಪ್ಪಾ, ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದ್ದಾರಾ?" ಅಂತ ಸೀನಿಯರ್ ಸಾರ್ ಕೇಳಿದ್ರು. ಈ ಮಳೆಗಾಲದಲ್ಲಿ ಹಾಸ್ಟೆಲ್ ಲಿಂಕ್ ಹಿಡಿದ ಮೇಲೆ ಈಗ ಅವ್ರೇ ಬೆಳಿಗ್ಗೆ ಬಂದು ಗ್ರಾಫ್ ಕೇಳ್ತಾರೆ.

ನಮ್ದು ಮಲೆನಾಡಿನ ಒಂದು ಕಾಲೇಜ್ ಕ್ಯಾಂಪಸ್, ಸುಮಾರು 40 ಸ್ವಿಚ್, ಬ್ಲಾಕ್‌ಗಳ ಮಧ್ಯೆ ಸಿಂಗಲ್ ಮೋಡ್ ಫೈಬರ್. ಮಾನಿಟರಿಂಗ್ ಸಾಫ್ಟ್‌ವೇರ್‌ಗೆ ಒಬ್ರು ಲಕ್ಷಗಳಲ್ಲಿ ಕೊಟೇಷನ್ ಕೊಟ್ಟಿದ್ರು, ಮ್ಯಾನೇಜ್‌ಮೆಂಟ್ ಬೇಡ ಅಂತು. ನಾನು ಲ್ಯಾಬಲ್ಲಿ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್ ತಗೊಂಡು ರ್‍ಯಾಮ್, ಎಸ್ಎಸ್‌ಡಿ ಸೇರಿ ಏಳೆಂಟು ಸಾವಿರ ಖರ್ಚು ಮಾಡಿ ಗ್ರಾಫ್ ತೋರ್ಸೋ ಲಿಬ್ರೆಎನ್ಎಂಎಸ್ ಮತ್ತೆ ಸ್ವಿಚ್ಚಿನ ಲಾಗ್ ಕೂಡಿಡೋ ಆರ್‌ಸಿಸ್‌ಲಾಗ್ ಹಾಕಿದೆ.

ಮೊದಲ ರೀತಿ ಕೆಲಸಕ್ಕೆ ಬರ್ಲಿಲ್ಲ. `ifInErrors` ಇಷ್ಟು ದಾಟಿದ್ರೆ ಅಲರ್ಟ್ ಅಂತ ಇಟ್ರೆ ಫೋನ್ ದಿನವಿಡೀ ಕೂಗ್ತಿತ್ತು, ಯಾಕಂದ್ರೆ ಕೌಂಟರಲ್ಲಿ ವರ್ಷಗಳ ಹಳೇ ಎರರ್ ಕೂಡ ಕೂತಿರುತ್ತೆ. ಡಿಸ್ಕಾರ್ಡ್ ಸೇರ್ಸಿದ್ರೆ ಇನ್ನೂ ಹಾಳು, ಅದು ಪೋರ್ಟ್ ತುಂಬಿದಾಗ ಬೀಳೋದು, ಕೇಬಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಮೇಲಿಂದ ಕರೆಂಟ್ ಹೋಗಿ ಸ್ವಿಚ್ ರೀಬೂಟ್ ಆದ್ರೆ ಇಂಟರ್‌ಫೇಸ್ ನಂಬರ್ ಬದಲಾಗಿ ಒಂದು ಪೋರ್ಟಿನ ಗ್ರಾಫ್ ಇನ್ನೊಂದರ ಮೇಲೆ ಕೂರ್ತಿತ್ತು. ಅದಕ್ಕೆ ಎಲ್ಲಾ ಸ್ವಿಚ್ಚಿಗೂ ಇದನ್ನ ಹಾಕ್ದೆ:

```
snmp ifmib ifindex persist
service timestamps log datetime msec
logging trap notifications
logging host 10.10.4.20
```

ಕೊನೆಗೆ ಕೈ ಹಿಡಿದಿದ್ದು ಅನುಪಾತ. ಐದು ನಿಮಿಷದಲ್ಲಿ ಹೆಚ್ಚಾದ ಎರರನ್ನ ಅದೇ ಐದು ನಿಮಿಷದ ಪ್ಯಾಕೆಟ್‌ಗಳಿಂದ ಭಾಗಿಸಿ, ಹತ್ತು ಲಕ್ಷಕ್ಕೆ ಎಷ್ಟು ಅಂತ ನೋಡೋದು. 10 ದಾಟಿ ಮೂರು ಸಲ ಸಾಲಾಗಿ ಬಂದ್ರೆ ಮಾತ್ರ ಮೆಸೇಜ್. ಟ್ರಾಫಿಕ್ ತೀರಾ ಕಮ್ಮಿ ಇರೋ ಪೋರ್ಟಿಗೆ ಬೇರೆ ಲೆಕ್ಕ ಇದೆ, ಅದು ಮಾತ್ರ ನನ್ ಹತ್ರಾನೇ ಇರ್ಲಿ.

ಜುಲೈಲಿ ಹಾಸ್ಟೆಲ್ ಅಪ್‌ಲಿಂಕ್‌ಗೆ ಮೆಸೇಜ್ ಬಂತು. ಐದು ನಿಮಿಷಕ್ಕೆ ಸುಮಾರು 60 ಲಕ್ಷ ಪ್ಯಾಕೆಟ್, 300 ಎರರ್, ಅಂದ್ರೆ ಹತ್ತು ಲಕ್ಷಕ್ಕೆ 50. ಹುಡುಗ್ರು ಯಾರೂ ಏನೂ ಹೇಳಿರ್ಲಿಲ್ಲ, ಅಷ್ಟು ಕಮ್ಮಿ ಲಾಸನ್ನ ಟಿಸಿಪಿ ಮತ್ತೆ ಕಳಿಸಿ ಮುಚ್ಚಿಬಿಡುತ್ತೆ. ಆದ್ರೆ ಗ್ರಾಫ್ ಮಳೆ ಜೋರಾದಾಗ ಏರಿ, ಬಿಸಿಲು ಬಂದ್ರೆ ಇಳೀತಿತ್ತು. ಸಿಸ್‌ಲಾಗಲ್ಲಿ ಹುಡುಕಿದ್ರೆ ಅದೇ ಪೋರ್ಟಿಗೆ ಮಧ್ಯರಾತ್ರಿ ಒಂದೆರಡು `%LINK-3-UPDOWN` ಇತ್ತು, ಬೆಳಿಗ್ಗೆ ಬರೋ ಹೊತ್ತಿಗೆ ಲಿಂಕ್ ಸರಿಯಾಗಿರ್ತಿತ್ತು. ಎರಡೂ ಒಂದೇ ಟೈಮಿಗೆ ಕೂಡ್ಸಿ ನೋಡೋಕೆ ಎಲ್ಲಾ ಸ್ವಿಚ್ಚಿಗೂ ಎನ್‌ಟಿಪಿ ಇರ್ಲೇಬೇಕು. ಲಿಂಕ್ ಬಿದ್ದಾಗ ಆ ಕಡೆ ಸ್ವಿಚ್ಚಿನ ಯುಡಿಪಿ ಲಾಗ್ ದಾರೀಲೇ ಕಳೆದೋಗುತ್ತೆ, ಹಾಗಾಗಿ ಸ್ವಿಚ್ಚಿನ ಬಫರಲ್ಲಿ ಉಳಿದಿದ್ದನ್ನೂ ನೋಡ್ದೆ.

ಈಗ ಜಾಗ ಹುಡುಕೋದು. ಎರರ್ ಎಣಿಸ್ತಿದ್ದದ್ದು ಹಾಸ್ಟೆಲ್ ಕಡೆ ಮಾತ್ರ, ಅಂದ್ರೆ ಮೇನ್ ಬ್ಲಾಕಿಂದ ಅಲ್ಲಿಗೆ ಹೋಗೋ ದಾರೀಲಿ ತೊಂದ್ರೆ. ಬೆಳಿಗ್ಗೆ ಆರಕ್ಕೆ ಎರಡೂ ತುದೀಲಿ ಹೋಗೋ, ಬರೋ ಫೈಬರ್ ಕೋರ್ ಅದಲು ಬದಲು ಮಾಡಿದ್ವಿ. ಎರರ್ ಈಗ ಮೇನ್ ಬ್ಲಾಕ್ ಕಡೆಗೆ ಬಂತು, ಹಾಗಿದ್ರೆ ಎಸ್ಎಫ್‌ಪಿ ತಪ್ಪಲ್ಲ, ಕೋರೇ ಕೆಟ್ಟಿದೆ. ಎರರ್ ಹಾಸ್ಟೆಲ್ಲಲ್ಲೇ ಉಳಿದಿದ್ರೆ ಎಸ್ಎಫ್‌ಪಿ ಬದಲಾಯಿಸ್ತಿದ್ದೆ. ಕನೆಕ್ಟರ್ ಕ್ಲೀನ್ ಮಾಡಿದ್ದೂ, 300 ರೂಪಾಯಿ ಪ್ಯಾಚ್ ಕಾರ್ಡ್ ಹಾಕಿದ್ದೂ ಏನೂ ಬದಲಾಯಿಸ್ಲಿಲ್ಲ.

ಅದ್ರ ಜೊತೆ ಒಂದು ಪ್ರಯೋಗಾನೂ ಮಾಡ್ದೆ. ಎಸ್ಎಫ್‌ಪಿ ರಿಸೀವ್ ಪವರನ್ನೂ ಎಸ್ಎನ್ಎಂಪಿಲಿ ಎಳೆದು ಅದೇ ಗ್ರಾಫಲ್ಲಿ ಹಾಕಿದ್ದೆ. ಸರಿ ಇದ್ದಾಗ -8 ಡಿಬಿಎಂ ಹತ್ರ ಇತ್ತು, ಮಳೆ ದಿನ -17, -18ಕ್ಕೆ ಜಾರ್ತಿತ್ತು. ಎಲ್‌ಎಕ್ಸ್ ಮಾಡ್ಯೂಲಿನ ಕನಿಷ್ಠ ಮಿತಿ -19ರ ಆಸುಪಾಸು, ಎರರ್ ಶುರುವಾಗಿದ್ದೂ ಅಲ್ಲಿಗೆ ಹತ್ರ ಬಂದಾಗಲೇ. ಅಂದ್ರೆ ಪವರ್ ನೋಡಿದ್ರೆ ಎರರಿಗಿಂತಲೂ ಮುಂಚೆ ಗೊತ್ತಾಗ್ತಿತ್ತು. ಪವರ್ ಅಳೆದು ತೋರ್ಸೋ ಡಿಒಎಂ ಇಲ್ಲದ ಅಗ್ಗದ ಮಾಡ್ಯೂಲಲ್ಲಿ ಇದು ಆಗಲ್ಲ.

ಫೈಬರಲ್ಲಿ ತೊಂದ್ರೆ ಎಲ್ಲಿದೆ ಅಂತ ತೋರ್ಸೋ ಓಟಿಡಿಆರ್ ಇರೋ ಹುಡುಗನ್ನ ಕರೆಸಿದ್ವಿ, ಐದಾರು ಸಾವಿರ ತಗೊಂಡ. ಅರ್ಧ ದಾರೀಲಿ ಒಂದು ಜಾಯಿಂಟಿನ ಹತ್ರ ಲಾಸ್ ತೋರ್ಸಿತು, ಚೇಂಬರ್ ತೆಗೆದ್ರೆ ಬಾಕ್ಸಿನ ರಬ್ಬರ್ ಸಡಿಲ ಆಗಿ ಒಳಗೆ ನೀರು. ಮತ್ತೆ ಸ್ಪ್ಲೈಸ್ ಮಾಡಿ ಬಾಕ್ಸ್ ಬದಲಾಯಿಸಿದ್ಮೇಲೆ ಪವರ್ -9ಕ್ಕೆ ಬಂತು, ಜೋರು ಮಳೇಲೂ ಎರರ್ ಸೊನ್ನೆ.

ಇದಾದ್ಮೇಲೆ ಒಂದು ತಾಮ್ರದ ಪೋರ್ಟಲ್ಲೂ ಅಲರ್ಟ್ ಬಂತು, ಅದು ಬೇರೆ ಕತೆ: `%CDP-4-DUPLEX_MISMATCH` ಸಿಸ್‌ಲಾಗಲ್ಲಿ ನಿಮಿಷಕ್ಕೊಂದರಂತೆ ಬರ್ತಿತ್ತು. ಒಂದು ಕಡೆ ಯಾರೋ ಸ್ಪೀಡ್ 100, ಡ್ಯುಪ್ಲೆಕ್ಸ್ ಫುಲ್ ಅಂತ ಫಿಕ್ಸ್ ಮಾಡಿಟ್ಟಿದ್ರು, ಇನ್ನೊಂದು ಕಡೆ ಆಟೋ ಆಗಿ ಹಾಫ್‌ಗೆ ಬಿದ್ದಿತ್ತು. ಎರಡೂ ಕಡೆ ಆಟೋ ಮಾಡಿದೆ, ಅಲ್ಲಿಗೆ ನಿಂತೋಯ್ತು.